ಚಿತ್ರದಿಂದ ಪಠ್ಯಕ್ಕೆ: ಮುರಿದ ಸಾಲು ಮತ್ತು ಹೆಚ್ಚುವರಿ ತೆರಪು – ಕೆಲವು ಪ್ರಶ್ನೋತ್ತರಗಳು

ಅಚ್ಚಾದ ಪುಟದ ಛಾಯಾಚಿತ್ರ ತೆಗೆದು, ಅಕ್ಷರ ಗುರುತಿಸುವ ತಂತ್ರಾಂಶದ (ಓಸಿಆರ್) ಮೂಲಕ ಅದನ್ನು ಪಠ್ಯವಾಗಿ ಪರಿವರ್ತಿಸಿಕೊಳ್ಳುವ ಕ್ರಮ ಇಂದು ಕನ್ನಡ ಸಂಶೋಧನೆಯಲ್ಲಿ ರೂಢಿಗೆ ಬಂದಿದೆ. ಹೀಗೆ ದೊರೆತ ಪಠ್ಯದಲ್ಲಿ ಅಕ್ಷರಗಳು ಬಹುಮಟ್ಟಿಗೆ ಸರಿಯಾಗಿದ್ದರೂ ಸಾಲುಗಳು ಅಸ್ಥಾನದಲ್ಲಿ ಮುರಿದಿರುತ್ತವೆ, ಪದಗಳ ನಡುವೆ ಬೇಡದ ತೆರಪುಗಳು ಸೇರಿರುತ್ತವೆ. ಸಾಹಿತ್ಯಕೃತಿಯ ಮಟ್ಟಿಗೆ ಇದು ತಿದ್ದುವ ಶ್ರಮದ ಪ್ರಶ್ನೆ. ಶಾಸನಪಾಠದ ಮಟ್ಟಿಗೆ ಆಧಾರದ ಪ್ರಶ್ನೆ. ಧಾರವಾಡಕ್ಕೆ ಸಮೀಪದ ಮುಗದದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಿವೆ. ಅಂತಹ ಶಾಸನವೊಂದರ ಮುದ್ರಿತ ಪಾಠವನ್ನು ಗಣಕಕ್ಕೆ ಅಳವಡಿಸಲು ತೊಡಗುವವರನ್ನು ಗಮನದಲ್ಲಿರಿಸಿಕೊಂಡು ಇಲ್ಲಿನ ಪ್ರಶ್ನೋತ್ತರಗಳನ್ನು ಜೋಡಿಸಲಾಗಿದೆ.

ಪ್ರಶ್ನೆ: ಪುಟದಲ್ಲಿ ಒಂದೇ ಪರಿಚ್ಛೇದವಾಗಿರುವುದು ಪಠ್ಯದಲ್ಲಿ ತುಂಡು ಸಾಲುಗಳಾಗುವುದೇಕೆ?

ಉತ್ತರ: ಚಿತ್ರದಲ್ಲಿ ಪರಿಚ್ಛೇದವೆಂಬುದಿಲ್ಲ, ಪದವೆಂಬುದೂ ಇಲ್ಲ. ಅಲ್ಲಿರುವುದು ಕಪ್ಪು ಗುರುತುಗಳು ಮತ್ತು ಅವುಗಳ ನಡುವಿನ ಅಂತರ ಮಾತ್ರ. ತಂತ್ರಾಂಶವು ಮೊದಲು ಪುಟವನ್ನು ಖಂಡಗಳಾಗಿ, ಖಂಡವನ್ನು ಸಾಲುಗಳಾಗಿ ವಿಂಗಡಿಸಿ, ಬಳಿಕ ಒಂದೊಂದೇ ಸಾಲನ್ನು ಓದುತ್ತದೆ. ಸಾಲು ಮುಗಿದೊಡನೆ ಸಾಲುಮುರಿತದ ಚಿಹ್ನೆಯನ್ನು ಸೇರಿಸುತ್ತದೆ. ಆ ಸಾಲು ಅಲ್ಲಿಗೆ ಮುಗಿದದ್ದು ವಾಕ್ಯ ಮುಗಿದುದರಿಂದಲೋ ಕಾಗದದ ಅಗಲ ಮುಗಿದುದರಿಂದಲೋ ಎಂಬ ವಿವೇಚನೆಗೆ ಅದು ಹೋಗುವುದಿಲ್ಲ. ಸಾಲುಗಳ ನಡುವಿನ ಅಂತರ ಒಂದೆಡೆ ಹೆಚ್ಚಿದ್ದರೆ ಅದನ್ನು ಹೊಸ ಖಂಡವೆಂದು ಭಾವಿಸಿ ಖಾಲಿ ಸಾಲನ್ನೂ ಸೇರಿಸಬಹುದು. ಹೊಲಿಗೆಯ ಬಳಿ ಪುಟ ಬಾಗಿದ್ದಾಗ ಈ ಅಂತರ ಕೃತಕವಾಗಿ ಏರುಪೇರಾಗುವುದರಿಂದ ದೋಷ ಅಲ್ಲಿ ಹೆಚ್ಚು.

ಪ್ರಶ್ನೆ: ಪದದ ನಡುವೆ ತೆರಪು ಬರುವುದೇಕೆ? ಕನ್ನಡಕ್ಕೆ ವಿಶಿಷ್ಟವಾದ ಕಾರಣಗಳಿವೆಯೇ?

ಉತ್ತರ: ಇವೆ. ಹಳೆಯ ಮುದ್ರಣದಲ್ಲಿ ಸಾಲಿನ ಎರಡೂ ಅಂಚುಗಳನ್ನು ಸಮಗೊಳಿಸಲು ಮೊಳೆ ಜೋಡಿಸುವವರು ಪದಗಳ ನಡುವಿನ ತೆರಪನ್ನು ಹಿಗ್ಗಿಸುತ್ತಿದ್ದರು. ಕನ್ನಡದ ಪದಗಳು ದೀರ್ಘವಾದುದರಿಂದ ಒಂದು ಸಾಲಿನಲ್ಲಿ ತೆರಪುಗಳ ಸಂಖ್ಯೆಯೇ ಕಡಿಮೆ. ಆದ್ದರಿಂದ ಪ್ರತಿಯೊಂದು ತೆರಪೂ ಅಗಲವಾಗುತ್ತದೆ. ಇನ್ನು ದೀರ್ಘದ ಗುರುತು, ಅರ್ಕಾವೊತ್ತು ಮೊದಲಾದವು ಅಕ್ಷರದ ಬಲಬದಿಗೆ ನಿಲ್ಲುತ್ತವೆ. ಅಚ್ಚಿನಲ್ಲಿ ಅವು ಮೂಲಾಕ್ಷರದಿಂದ ತುಸು ದೂರ ಸರಿದಿದ್ದರೂ ನಡುವೆ ತೆರಪಿರುವಂತೆ ಕಾಣುತ್ತದೆ. ಒತ್ತಕ್ಷರಗಳ ತೊಂದರೆ ಬೇರೆ ಬಗೆಯದು. ಅವು ಸಾಲಿನ ಕೆಳಗೆ ಇಳಿಯುವುದರಿಂದ, ಚಿತ್ರ ಓರೆಯಾಗಿದ್ದರೆ ಕೆಳಸಾಲಿಗೆ ಸೇರಿಹೋಗುತ್ತವೆ, ಇಲ್ಲವೇ ಪ್ರತ್ಯೇಕ ಸಾಲೆಂದು ಎಣಿಸಲ್ಪಡುತ್ತವೆ.

2018ರಲ್ಲಿ ಬಿಡುಗಡೆಯಾದ ಟೆಸೆರಾಕ್ಟ್ 4ನೆಯ ಆವೃತ್ತಿಯಿಂದೀಚೆಗೆ ಆ ತಂತ್ರಾಂಶವು ಇಡೀ ಸಾಲನ್ನು ಒಟ್ಟಾಗಿ ಓದುತ್ತದೆ. ಆಗ ತೆರಪೂ ಅಕ್ಷರಗಳಂತೆ ಗುರುತಿಸಬೇಕಾದ ಒಂದು ಸಂಕೇತವೇ ಆಗುತ್ತದೆ. ಅಕ್ಷರವನ್ನು ತಪ್ಪಾಗಿ ಓದುವಂತೆಯೇ ತೆರಪನ್ನೂ ತಪ್ಪಾಗಿ ಓದುವ ಸಾಧ್ಯತೆ ಉಳಿದೇ ಇರುತ್ತದೆ.

ಪ್ರಶ್ನೆ: ಈ ದೋಷಗಳನ್ನು ಗುರುತಿಸುವುದು ಹೇಗೆ?

ಉತ್ತರ: ದೋಷಗಳನ್ನು ಒಂದೆಡೆ ತೋರಿಸಲೆಂದು ರಚಿಸಿದ ಮಾದರಿಯೊಂದನ್ನು ಪರಿಶೀಲಿಸಬಹುದು.

```
ಧಾರವಾಡದಿಂದ   ಅಳ್ನಾವರದ ಕಡೆಗೆ ಸಾ-
ಗುವ ರೈಲು ಮಾ ರ್ಗದಲ್ಲಿ ಮುಗದ ನಿಲ್ದಾಣ

ವಿದೆ.
```

ಮೊದಲ ಸಾಲಿನ ಅಗಲವಾದ ತೆರಪು ಅಂಚು ಸಮಗೊಳಿಸಿದುದರ ಫಲ. ಅದನ್ನು ಒಂದೇ ತೆರಪಿಗೆ ಇಳಿಸಿದರೆ ಸಾಕು. ‘ಸಾ-ಗುವ’ ಎಂಬಲ್ಲಿ ಕಿರುಗೆರೆಯಿರುವುದರಿಂದ ಪದ ಮುರಿದುದು ಸ್ಪಷ್ಟ. ಆದರೆ ‘ನಾಲ್ಕು-ಐದು’ ಎಂಬಂತಹ ಜೋಡಿ ಪದದ ಸಹಜವಾದ ಕಿರುಗೆರೆಯೂ ಸಾಲಿನ ಕೊನೆಗೆ ಬೀಳಬಹುದೆಂಬುದನ್ನು ಮರೆಯಬಾರದು. ‘ಮಾ ರ್ಗದಲ್ಲಿ’ ಎಂಬಲ್ಲಿ ಅರ್ಕಾವೊತ್ತೇ ಸಾಕ್ಷಿ. ‘ರ್ಗ’ ಎಂದು ಆರಂಭವಾಗುವ ಪದ ಕನ್ನಡದಲ್ಲಿಲ್ಲ.

ಕಠಿಣವಾದುದು ಕೊನೆಯದು. ಕನ್ನಡ ಮುದ್ರಣದಲ್ಲಿ ಕಿರುಗೆರೆಯಿಲ್ಲದೆಯೇ ಪದವನ್ನು ಮುರಿಯುವ ವಾಡಿಕೆಯುಂಟು. ‘ನಿಲ್ದಾಣ’ ಸ್ವತಂತ್ರ ಪದವೇ ಆದುದರಿಂದ ನಿಘಂಟಿನೊಡನೆ ಹೋಲಿಸುವ ತಂತ್ರಾಂಶಕ್ಕೆ ಅಲ್ಲಿ ದೋಷ ಕಾಣದು. ‘ವಿದೆ’ ಎಂಬುದು ವಕಾರಾಗಮದಿಂದಾದ ರೂಪ, ಹಿಂದಿನ ಪದವನ್ನು ಬಿಟ್ಟು ಅದು ನಿಲ್ಲದು ಎಂಬುದನ್ನು ಸಂಧಿ ಬಲ್ಲವರೇ ಗುರುತಿಸಬೇಕು. ಸಾಲುಮುರಿತಗಳನ್ನೆಲ್ಲ ತೆರಪಾಗಿ ಬದಲಿಸಿದರೆ ‘ನಿಲ್ದಾಣ ವಿದೆ’ ಎಂದಾಗುತ್ತದೆ, ಎಲ್ಲವನ್ನೂ ಅಳಿಸಿದರೆ ಬೇರೆಡೆ ಬಿಡಿಪದಗಳು ಕೂಡಿಕೊಳ್ಳುತ್ತವೆ. ಎರಡಕ್ಕೂ ಹೊಂದುವ ಒಂದೇ ಆದೇಶವಿಲ್ಲ.

ಪ್ರಶ್ನೆ: ಯಾವ ತಿದ್ದುಪಡಿಯನ್ನು ಗಣಕಕ್ಕೆ ವಹಿಸಬಹುದು?

ಉತ್ತರ: ಮೊದಲು ಮೂಲ ಫಲಿತಾಂಶದ ಪ್ರತಿಯೊಂದನ್ನು ತಿದ್ದದೆ ಇರಿಸಿಕೊಳ್ಳಬೇಕು. ಬಳಿಕ ಖಚಿತವಾದ ದೋಷಗಳಿಂದ ಆರಂಭಿಸಬೇಕು. ಕನ್ನಡದ ಯಾವ ಪದವೂ ಕಾಗುಣಿತದ ಚಿಹ್ನೆಯಿಂದಾಗಲಿ ಅನುಸ್ವಾರ, ವಿಸರ್ಗಗಳಿಂದಾಗಲಿ ಆರಂಭವಾಗದು. ಆದ್ದರಿಂದ ಅವುಗಳ ಹಿಂದಿನ ತೆರಪು ದೋಷವೇ ಸರಿ. ಲಿಬ್ರೆಆಫೀಸಿನ ‘ಹುಡುಕಿ ಬದಲಿಸು’ ಸೌಲಭ್ಯದಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಯನ್ನು ಗುರುತು ಮಾಡಿ, ಕೆಳಗಿನ ಮೊದಲ ಸಾಲನ್ನು ಹುಡುಕಲು, ಎರಡನೆಯದನ್ನು ಬದಲಿಸಲು ನೀಡಬಹುದು. ಮೊದಲ ಸಾಲು ತೆರಪಿನಿಂದಲೇ ಆರಂಭವಾಗುತ್ತದೆ.

```
 +([\u0C82\u0C83\u0CBE-\u0CCD\u0CD5\u0CD6])
$1
```

ಅರ್ಕಾವೊತ್ತಿನ ಹಿಂದಿನ ತೆರಪನ್ನು ಹೀಗೆ ಒಮ್ಮೆಗೇ ಅಳಿಸಲಾಗದು. ‘ರ‍್ಯಾಲಿ’, ‘ರ‍್ಯಾಂಕ್’ ಮೊದಲಾದ ಎರವಲು ಪದಗಳೂ ರೇಫ ಮತ್ತು ಯಕಾರಗಳಿಂದಲೇ ಆರಂಭವಾಗುತ್ತವೆ. ಇದನ್ನೂ ಕಿರುಗೆರೆಯನ್ನೂ ಒಂದೊಂದಾಗಿ ನೋಡಿ ತಿದ್ದಬೇಕು. ಕಿರುಗೆರೆಯಿಲ್ಲದ ಸಾಲುಮುರಿತಗಳನ್ನು ಚಿತ್ರವನ್ನು ಎದುರಿಗಿಟ್ಟುಕೊಂಡು ಓದುತ್ತಲೇ ನಿರ್ಣಯಿಸಬೇಕು.

ಪ್ರಶ್ನೆ: ಶಾಸನಪಾಠಕ್ಕೂ ಇದೇ ಕ್ರಮ ಸಾಕೇ?

ಉತ್ತರ: ಸಾಲದು. ಶಾಸನ ಸಂಪುಟದ ಪುಟದಲ್ಲಿ ಮೂರು ಬಗೆಯ ಸಾಲುಮುರಿತಗಳು ಬೆರೆತಿರುತ್ತವೆ. ಮೊದಲನೆಯದು ಕಲ್ಲಿನದು. ಕಂಡರಣೆಗಾರನು ಕಲ್ಲಿನ ಅಗಲ ಮುಗಿದಲ್ಲಿ, ಪದದ ನಡುವೆಯೂ, ಸಾಲನ್ನು ಮುಗಿಸುತ್ತಾನೆ. ಸಂಪಾದಕರು ಅದನ್ನು ಅಂಕಿಯಿಂದ ಸೂಚಿಸುತ್ತಾರೆ. ಎರಡನೆಯದು ಅಚ್ಚಿನದು. ಕಲ್ಲಿನ ದೀರ್ಘವಾದ ಒಂದು ಸಾಲು ಕಾಗದದಲ್ಲಿ ಎರಡಾಗಬಹುದು. ಮೂರನೆಯದು ತಂತ್ರಾಂಶ ತಾನೇ ಸೇರಿಸಿದುದು. ಎರಡನೆಯ ಮತ್ತು ಮೂರನೆಯ ಬಗೆಯವನ್ನು ತೆಗೆಯಬೇಕು, ಮೊದಲನೆಯದನ್ನು ಉಳಿಸಲೇಬೇಕು. ಕಲ್ಲು ಒಡೆದು ಸಾಲಿನ ಅಂಚು ನಷ್ಟವಾದೆಡೆ ಎಷ್ಟು ಅಕ್ಷರಗಳು ಹೋಗಿರಬಹುದೆಂಬ ಊಹೆಗೆ ಕಲ್ಲಿನ ಸಾಲುಗಳ ಅಳತೆಯೇ ಆಧಾರ.

ಅಂಚಿನ ಸಾಲಸಂಖ್ಯೆಗಳು ಪಾಠದೊಳಗೆ ನುಸುಳಿದರೆ ಅವನ್ನು ಕೂಡಲೇ ಅಳಿಸದೆ, ಕಲ್ಲಿನ ಸಾಲು ಆರಂಭವಾಗುವೆಡೆ `[12]` ಎಂಬಂತಹ ಆವರಣಕ್ಕೆ ಒಯ್ಯಬೇಕು. ಟಿಇಐ ಪದ್ಧತಿಯನ್ನು ಅನುಸರಿಸುವವರಿಗೆ, ಪದದ ನಡುವೆ ಬರುವ ಸಾಲುಮುರಿತವನ್ನು ಸೂಚಿಸಲು ಪ್ರತ್ಯೇಕ ಗುರುತೇ ಇದೆ.

```
<lb n="12" break="no"/>
```

ತೆರಪಿನ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ಶಾಸನಗಳಲ್ಲಿ ಅಕ್ಷರಗಳನ್ನು ಸಾಮಾನ್ಯವಾಗಿ ಪದವಿಂಗಡಣೆಯಿಲ್ಲದೆ ಒಂದೇ ಸಮನೆ ಕಂಡರಿಸಲಾಗಿರುತ್ತದೆ. ಅಲ್ಲಿ ಮುದ್ರಿತ ಪಾಠದ ತೆರಪು ಸಂಪಾದಕರ ಪದಚ್ಛೇದ, ಅಂದರೆ ಅವರ ಅರ್ಥನಿರ್ಣಯ. ತಂತ್ರಾಂಶದ ತಪ್ಪಿನಿಂದ ಒಂದು ತೆರಪು ಸ್ಥಳ ಬದಲಿಸಿದರೆ, ಸಂಪಾದಕರು ಮಾಡದ ಪದಚ್ಛೇದವೊಂದು ಅವರ ಹೆಸರಿನಲ್ಲಿ ಉಲ್ಲೇಖಗೊಳ್ಳುತ್ತದೆ. ಹೀಗಾಗಿ ವ್ಯಕ್ತಿನಾಮ, ಸ್ಥಳನಾಮ ಹಾಗೂ ಬಿರುದಾವಳಿಗಳಿರುವ ಸಾಲುಗಳ ಪ್ರತಿಯೊಂದು ತೆರಪನ್ನೂ ಮುದ್ರಿತ ಪುಟದೊಡನೆ, ಸಾಧ್ಯವಾದೆಡೆ ಶಾಸನದ ಪಡಿಯಚ್ಚಿನೊಡನೆ, ಹೋಲಿಸಿದ ಬಳಿಕವೇ ಪಾಠವನ್ನು ಉಲ್ಲೇಖಕ್ಕೆ ಬಳಸುವುದು ಯುಕ್ತ.