ದಿನದ ಪಾಸಿಗೆ ಎಷ್ಟು, ತಿಂಗಳ ಮೇಜಿಗೆ ಎಷ್ಟು?

ಮೈಸೂರಿನಂಥ ಊರಿನಲ್ಲಿ 20 ಮೇಜುಗಳ ಪುಟ್ಟ ಕೋವರ್ಕಿಂಗ್ ಜಾಗವೊಂದಿದೆ ಎನ್ನಿ. ಬಾಡಿಗೆ, ಕರೆಂಟು, ಇಂಟರ್ನೆಟ್, ಸಂಬಳ ಸೇರಿ ತಿಂಗಳ ಖರ್ಚು 80,000 ರೂಪಾಯಿ. ಅದನ್ನು 20ರಿಂದ ಭಾಗಿಸಿ ಮೇಜಿಗೆ 4,000 ಎಂದು ಬೋರ್ಡು ಹಾಕಿದರೆ ನಷ್ಟ ಖಚಿತ. ಎಲ್ಲ ಮೇಜುಗಳೂ ಸದಾ ತುಂಬಿರುವುದಿಲ್ಲ. 14 ತುಂಬಿದರೂ ಖರ್ಚು ಹುಟ್ಟಬೇಕೆಂದರೆ ಮೇಜಿಗೆ ಸುಮಾರು 5,700 ಬೇಕು. ದರ 6,000 ಇಡುವುದೇ ಸರಿ.

ಮಾಲೀಕರು ಹೆಚ್ಚಾಗಿ ಎಡವುವುದು ದಿನದ ಪಾಸಿನಲ್ಲಿ. 6,000ವನ್ನು 22 ಕೆಲಸದ ದಿನಗಳಿಗೆ ಹಂಚಿದರೆ ಸುಮಾರು 273 ರೂಪಾಯಿ. ಆದರೆ ದಿನದ ಗಿರಾಕಿಗೆಂದು ಬಿಟ್ಟ ಮೇಜು ಅರ್ಧ ದಿನಗಳು ಖಾಲಿ ಉಳಿಯಬಹುದು. ಆಗ ಉಳಿದ 11 ದಿನಗಳೇ ಅಷ್ಟನ್ನೂ ದುಡಿಯಬೇಕು, ಅಂದರೆ ದಿನಕ್ಕೆ ಸುಮಾರು 550 ರೂಪಾಯಿ.

ಈ ದರದಲ್ಲಿ ವಾರಕ್ಕೆ ಎರಡು ದಿನ ಬರುವವರಿಗೆ ದಿನದ ಪಾಸೇ ಅಗ್ಗ, ಮೂರು ದಿನ ಬರುವವರಿಗೆ ತಿಂಗಳ ಮೇಜು. 300ಕ್ಕೆ ಇಳಿಸಿದರೆ ವಾರಕ್ಕೆ ನಾಲ್ಕು ದಿನ ಬರುವವರೂ ತಿಂಗಳ ಮೇಜು ಬಿಟ್ಟು ದಿನದ ಪಾಸಿಗೆ ಜಾರುತ್ತಾರೆ. ತಿಂಗಳ ಸದಸ್ಯರು ಕಡಿಮೆಯಾಗಿ, ಅವವೇ ಮುಖಗಳು ದಿನದ ರಸೀದಿಯಲ್ಲಿ ಕಾಣತೊಡಗಿದರೆ ದರ ತಪ್ಪಿದೆ ಎಂದೇ ಲೆಕ್ಕ.

ಜಿಎಸ್‌ಟಿ ನೋಂದಣಿಯಾದರೆ ಮೇಲೆ ಶೇ 18 ಸೇರಿ 6,000 ಎಂಬುದು 7,080 ಆಗುತ್ತದೆ. ನೋಂದಾಯಿತ ಕಂಪನಿಗಳು ಅದನ್ನು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು; ಒಂಟಿಯಾಗಿ ದುಡಿಯುವ ಅನುವಾದಕಿಗೆ ಅದು ಪೂರ್ತಿ ಹೊರೆ. ಹಾಗಾಗಿ ತೆರಿಗೆ ಸೇರಿದ ಮೊತ್ತವನ್ನೇ ಬೋರ್ಡಿನಲ್ಲಿ ಬರೆಯುವುದು ನ್ಯಾಯ.