ಜೂನ್‌ನ ಸಮವಸ್ತ್ರಕ್ಕೆ ಫೆಬ್ರವರಿಯ ಲೆಕ್ಕ

ಶಾಲೆಗಳ ಬಾಗಿಲು ತೆರೆಯುವುದು ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ. ಸಮವಸ್ತ್ರ ಹೊಲಿಯುವ ಘಟಕದ ಮಾಲೀಕರಿಗೆ ತಲೆಬಿಸಿ ಶುರುವಾಗುವುದು ಮಾತ್ರ ಫೆಬ್ರವರಿಯಲ್ಲೇ.

20 ಟೈಲರ್‌ಗಳಿರುವ ಒಂದು ಘಟಕವನ್ನು ಊಹಿಸಿಕೊಳ್ಳಿ. ಒಬ್ಬೊಬ್ಬರು ತಿಂಗಳಿಗೆ 200 ಜೊತೆ ಹೊಲಿಯುತ್ತಾರೆ, ಸಂಬಳ 16,000 ರೂಪಾಯಿ. ಅಂಗಡಿಗಳ ಬೇಡಿಕೆ ಫೆಬ್ರವರಿಯಿಂದ ಮೇವರೆಗೆ ಕ್ರಮವಾಗಿ 2,000, 3,000, 5,000 ಮತ್ತು 6,000 ಜೊತೆ. ಬಣ್ಣ, ಅಳತೆ ಎಲ್ಲ ಬದಿಗಿಟ್ಟು ಒಟ್ಟು ಸಂಖ್ಯೆಯನ್ನಷ್ಟೇ ನೋಡುವ ಈ ಲೆಕ್ಕಕ್ಕೆ ಅಗ್ರಿಗೇಟ್ ಪ್ಲಾನ್ ಎನ್ನುತ್ತಾರೆ.

ಒಂದು ದಾರಿ ‘ಚೇಸ್’: ಬೇಡಿಕೆಯ ಬೆನ್ನು ಹತ್ತುವುದು. ಫೆಬ್ರವರಿಯಲ್ಲಿ 10 ಜನರನ್ನು ಬಿಡಿಸಿ, ಮುಂದೆ 15, 25, 30ಕ್ಕೆ ಏರಿಸಿ, ಸೀಸನ್ ಮುಗಿದ ಮೇಲೆ ಮತ್ತೆ 20ಕ್ಕೆ ಇಳಿಸಬೇಕು. ಅಂದರೆ 20 ಜನರ ನೇಮಕ, 20 ಜನರ ಬಿಡುಗಡೆ. ಹೊಸಬರ ಹುಡುಕಾಟ, ಕಲಿಕೆ, ಹಾಳಾಗುವ ಬಟ್ಟೆಗೆ ತಲಾ 4,000, ಬಿಟ್ಟುಹೋಗುವವರ ಬಾಕಿ ಚುಕ್ತಾಕ್ಕೆ ತಲಾ 3,000 ಎಂದರೂ 1,40,000 ರೂಪಾಯಿ.

ಇನ್ನೊಂದು ‘ಲೆವೆಲ್’. ಅದೇ 20 ಜನ ತಿಂಗಳಿಗೆ 4,000 ಜೊತೆಯಂತೆ ಒಂದೇ ಸಮನೆ ಹೊಲಿಯುತ್ತಾರೆ. ಮೊದಲ ಮೂರು ತಿಂಗಳ ಕೊನೆಗೆ ಗೋದಾಮಿನಲ್ಲಿ ಉಳಿಯುವುದು 2,000, 3,000, 2,000 ಜೊತೆ. ಸಾಲದ ಬಡ್ಡಿ, ಗೋದಾಮಿನ ಬಾಡಿಗೆ ಸೇರಿ ಜೊತೆಗೆ ತಿಂಗಳಿಗೆ 10 ರೂಪಾಯಿ ಹಿಡಿದರೆ 70,000. ಸಂಬಳದ ಮೊತ್ತ ಎರಡರಲ್ಲೂ ಒಂದೇ, ಹಾಗಾಗಿ ಅದನ್ನು ಹೋಲಿಕೆಗೆ ತರಬೇಕಿಲ್ಲ.

ಇರುವ ಜನರಿಂದಲೇ ಓಟಿ ಮಾಡಿಸಿದರೆ? ಮೊದಲಿಂದಲೂ 18 ಮಂದಿಯೇ ಇದ್ದರೆಂದು ಇಟ್ಟುಕೊಳ್ಳಿ. ಆಗ ಏಪ್ರಿಲ್, ಮೇನಲ್ಲಿ 800ರಂತೆ 1,600 ಜೊತೆ ಓಟಿಯಲ್ಲಿ ಆಗಬೇಕು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಓಟಿಗೆ ದುಪ್ಪಟ್ಟು ಕೂಲಿ. ಹೀಗಾಗಿ ಜೊತೆಗೆ 80 ಇದ್ದ ಹೊಲಿಗೆ ಖರ್ಚು 160 ಆಗುತ್ತದೆ. ಇಬ್ಬರ ಸಂಬಳ ಉಳಿದರೂ 1,28,000 ಹೆಚ್ಚುವರಿ, ದಾಸ್ತಾನಿಗೆ 54,000. ಮೂರರಲ್ಲಿ ಇದೇ ದುಬಾರಿ. ಎರಡು ದಿನದ ಅವಸರಕ್ಕೆ ಓಟಿ ಸರಿ, ಎರಡು ತಿಂಗಳಿಗಲ್ಲ.

ಚೇಸ್‌ನ ಲೆಕ್ಕ ಇನ್ನೂ ಉದಾರವಾಗಿಯೇ ಇದೆ. 1950ರ ದಶಕದಲ್ಲಿ ಅಮೆರಿಕದ ಒಂದು ಬಣ್ಣದ ಕಾರ್ಖಾನೆಯನ್ನು ಅಧ್ಯಯನ ಮಾಡಿದ ಹೋಲ್ಟ್, ಮೊದಿಗ್ಲಿಯಾನಿ, ಮೂತ್ ಮತ್ತು ಸೈಮನ್, ನೇಮಕದ ವೆಚ್ಚ ಜನರ ಸಂಖ್ಯೆಗಿಂತ ವೇಗವಾಗಿ ಏರುವಂತೆ ತಮ್ಮ ಸೂತ್ರ ಕಟ್ಟಿದರು. ಏಪ್ರಿಲ್‌ನಲ್ಲಿ ಒಮ್ಮೆಗೇ 10 ಹೊಸ ಕೈಗಳು ಬಂದರೆ ಕಲಿಸುವ ಹಳಬರ ಹೊಲಿಗೆಯೂ ನಿಲ್ಲುತ್ತದಲ್ಲ!

ಆದರೂ ಲೆವೆಲ್ ಗೆದ್ದಿತೆಂದು ಮಾಲೀಕರು ಕೈತೊಳೆದುಕೊಳ್ಳುವಂತಿಲ್ಲ. ಒಂದು ಶಾಲೆ ಏಪ್ರಿಲ್‌ನಲ್ಲಿ ಅಂಗಿಯ ಬಣ್ಣ ಬದಲಿಸಿತು ಅನ್ನಿ. ತಯಾರಿಗೆ 400 ರೂಪಾಯಿ ಬಿದ್ದ ಬರೀ 200 ಜೊತೆ ಮೂಲೆಗೆ ಬಿದ್ದರೂ 80,000 ನಷ್ಟ. ಆಗ ಲೆವೆಲ್‌ನ ಖರ್ಚು 1,50,000, ಚೇಸ್‌ಗಿಂತ 10,000 ಜಾಸ್ತಿ.