ಅಮೆರಿಕದ ಬಾಣಂತನಕ್ಕೆ ಐದು ಚೀಟಿ

ಮೊದಲ ಸಲ ವಿದೇಶಕ್ಕೆ ಹೊರಟವರ ಫೋನಿಗೆ ಸಾಮಾನಿನ ಪಟ್ಟಿಗಳು ಬರುತ್ತಲೇ ಇರುತ್ತವೆ. ಯಾವುದನ್ನು ಯಾವ ಚೀಲದಲ್ಲಿಡಬೇಕು, ಯಾವ ಕಾಗದವನ್ನು ಎಲ್ಲಿ ಕೇಳುತ್ತಾರೆ ಎಂಬುದು ಮಾತ್ರ ಅವುಗಳಲ್ಲಿ ಇರುವುದು ಕಡಿಮೆ. ತಿಪಟೂರಿನ ದಂಪತಿಯೊಂದು ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ದುಬೈ, ಷಿಕಾಗೋ ಮಾರ್ಗವಾಗಿ ಮಿನಿಯಾಪೊಲಿಸ್‌ಗೆ ಹೊರಟಿದೆ ಎಂದುಕೊಳ್ಳೋಣ. ಅವರ ದಾರಿಯ ಕ್ರಮದಲ್ಲೇ ಐದು ಚೀಟಿ ಇಲ್ಲಿವೆ. ಫೋಟೊ ತೆಗೆದು ಫೋನಿನಲ್ಲಿ ಉಳಿಸಿಕೊಳ್ಳಬಹುದು.

ಚೀಟಿ 1: ಟಿಕೆಟ್ ಕೊಳ್ಳುವ ಮೊದಲು ಹೆಸರು

ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಮಾತ್ರ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಇನ್ನೊಂದು ಜಾಗದಲ್ಲಿ FNU ಎಂದು ಅಚ್ಚಾಗಿರುತ್ತದೆ. ಅದು ತಪ್ಪಲ್ಲ, ಕೊಟ್ಟ ಹೆಸರು ಇಲ್ಲ ಎಂಬುದರ ಗುರುತು. ಒಂಟಿ ಹೆಸರನ್ನು ಟಿಕೆಟ್‌ನಲ್ಲಿ ನಮೂದಿಸುವ ರೀತಿ ವಿಮಾನ ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ದುಡ್ಡು ಕಟ್ಟುವ ಮೊದಲೇ ಕೇಳಿಕೊಳ್ಳಿ. ಉಳಿದವರು ಆಧಾರ್‌ನಲ್ಲಿ ಇರುವಂತೆ ಬರೆಸದೆ, ಪಾಸ್‌ಪೋರ್ಟ್‌ನ ಅಕ್ಷರಗಳನ್ನು ಹಾಗೆಯೇ ಇಳಿಸಿ. ಚೆಕ್-ಇನ್ ಕೌಂಟರಿನಲ್ಲಿ ಟಿಕೆಟ್ಟಿನ ಹೆಸರನ್ನು ತಾಳೆ ನೋಡುವುದು ಪಾಸ್‌ಪೋರ್ಟ್‌ ಜೊತೆಗೆ.

ಚೀಟಿ 2: ಕೈಚೀಲ

ದೊಡ್ಡ ಸೂಟ್‌ಕೇಸ್ ಎರಡು ದಿನ ತಡವಾಗಿ ಬಂದರೂ ನಡೆಯುವಂತೆ ಕೈಚೀಲ ತುಂಬಬೇಕು. ಪಾಸ್‌ಪೋರ್ಟ್, ಹಿಂದಿರುಗುವ ಟಿಕೆಟ್, ಮಗಳ ವಿಳಾಸ ಮತ್ತು ಫೋನ್ ನಂಬರ್ ಬರೆದ ಕಾಗದ, ಒಂದು ಜೊತೆ ಬಟ್ಟೆ ಇದರಲ್ಲಿರಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಸ್ಟ್ರಿಪ್ಪಿನಲ್ಲೇ ಇಟ್ಟು, ವೈದ್ಯರ ಚೀಟಿಯನ್ನು ಜೊತೆಗಿಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸೂಟ್‌ಕೇಸಿಗೆ ಹಾಕುವಂತಿಲ್ಲ. ಸಾಮಾನ್ಯ ಮಿತಿ 100 ವಾಟ್-ಅವರ್. 20,000 ಎಂಎಎಚ್‌ನದು ಸುಮಾರು 74 ಆಗುವುದರಿಂದ ನಡೆಯುತ್ತದೆ, ಆದರೆ ಅದರ ಮೇಲಿನ ಅಂಕಿ ಅಳಿಸಿಹೋಗಿದ್ದರೆ ಭದ್ರತೆಯವರು ತೆಗೆಸಬಹುದು.

ಉಪ್ಪಿನಕಾಯಿ, ತುಪ್ಪ ಇಲ್ಲಿ ಬೇಡ, ಅವು ದ್ರವದ ಲೆಕ್ಕಕ್ಕೆ ಬರುತ್ತವೆ. ದ್ರವಕ್ಕೆ ಒಂದು ಡಬ್ಬಿಗೆ 100 ಮಿ.ಲೀ. ಮಿತಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಪುಡಿಗೂ ಮಿತಿಯಿದೆ: 350 ಮಿ.ಲೀ. ಅಳತೆಗಿಂತ ಹೆಚ್ಚಿನ ಚಟ್ನಿಪುಡಿ ದುಬೈನಲ್ಲಿ ಅಮೆರಿಕದ ವಿಮಾನ ಹತ್ತುವ ಮುಂಚೆ ಕಸದಬುಟ್ಟಿ ಸೇರಬಹುದು.

ಚೀಟಿ 3: ದೊಡ್ಡ ಸೂಟ್‌ಕೇಸ್

ಅಮೆರಿಕದ ಟಿಕೆಟ್‌ಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 23 ಕಿಲೋ ತೂಕದ ಎರಡು ಸೂಟ್‌ಕೇಸ್‌ಗೆ ಅವಕಾಶ. ನಿಮ್ಮ ಟಿಕೆಟ್‌ನಲ್ಲಿ ಏನಿದೆ ನೋಡಿಕೊಳ್ಳಿ. ಎರಡೂ ಸೇರಿ 46 ಎಂಬ ಲೆಕ್ಕ ನಡೆಯುವುದಿಲ್ಲ. ಒಂದರಲ್ಲಿ 26, ಇನ್ನೊಂದರಲ್ಲಿ 20 ಇದ್ದರೆ ಕೌಂಟರಿನ ಎದುರೇ ಸೂಟ್‌ಕೇಸ್ ಬಿಚ್ಚಿ ಹುಳಿಪುಡಿ ಆ ಕಡೆಯಿಂದ ಈ ಕಡೆಗೆ ಸಾಗಿಸಬೇಕಾದೀತು. ಮನೆಯಲ್ಲೇ ಪ್ರತಿಯೊಂದನ್ನೂ ತೂಗಿ, 22ಕ್ಕೆ ನಿಲ್ಲಿಸಿ.

ಹುಳಿಪುಡಿ, ಅಂಟಿನುಂಡೆ, ಭದ್ರವಾಗಿ ಮುಚ್ಚಿದ ಉಪ್ಪಿನಕಾಯಿ ಇದರಲ್ಲಿ ಹೋಗಲಿ. ತಿಪಟೂರಿನವರಿಗೆ ಬೇಸರವಾಗುವ ಮಾತೊಂದಿದೆ: ಕೊಬ್ಬರಿ ಬಟ್ಟಲು ಬೇಡ. ಎಣ್ಣೆಯಂಶ ಹೆಚ್ಚಿರುವ ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂದು ವಿಮಾನಯಾನದ ಅಪಾಯಕಾರಿ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. ಹಸಿ ಕರಿಬೇವೂ ಬೇಡ. ಅದು ನಿಂಬೆ, ಕಿತ್ತಳೆಯ ಬಳಗದ ಗಿಡ, ಆ ತೋಟಗಳನ್ನು ಹಾಳುಗೆಡಹುವ ರೋಗ ಹರಡುವ ಕೀಟ ಎಲೆಯ ಜೊತೆ ಬಂದೀತೆಂದು ಅಮೆರಿಕ ತಡೆಯುತ್ತದೆ.

ಚೀಟಿ 4: ಷಿಕಾಗೋದಲ್ಲಿ ಇಳಿದಾಗ

ಇಮಿಗ್ರೇಷನ್ ಅಧಿಕಾರಿ ಯಾರ ಮನೆಗೆ, ಎಷ್ಟು ದಿನ ಎಂದು ಕೇಳುತ್ತಾರೆ. ಕೈಚೀಲದ ವಿಳಾಸದ ಕಾಗದ, ಹಿಂದಿರುಗುವ ಟಿಕೆಟ್ ಆಗ ಬೇಕು. ತಿನಿಸು ತಂದಿದ್ದೀರಾ ಎಂದರೆ ಹೌದೆನ್ನಿ. ಹೇಳಿದ ಮೇಲೆ ಬೇಡವಾದದ್ದನ್ನು ತೆಗೆದಿಟ್ಟು ಕಳಿಸುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳಬಹುದು.

ಹೊಸಬರು ಹೆಚ್ಚಾಗಿ ಎಡವುವುದು ಇದಾದ ಮೇಲೆ. ಬೆಂಗಳೂರಿನಲ್ಲಿ ಅಂಟಿಸಿದ ಚೀಟಿಯಲ್ಲಿ ಮಿನಿಯಾಪೊಲಿಸ್ ಎಂದಿದ್ದರೂ, ಸಾಮಾನ್ಯವಾಗಿ ಅಮೆರಿಕದ ಮೊದಲ ನಿಲ್ದಾಣದಲ್ಲೇ ಸೂಟ್‌ಕೇಸ್‌ಗಳನ್ನು ಬೆಲ್ಟಿನಿಂದ ಇಳಿಸಿಕೊಂಡು, ಕಸ್ಟಮ್ಸ್ ದಾಟಿಸಿ, ಮುಂದಿನ ವಿಮಾನಕ್ಕೆ ಮತ್ತೆ ಒಪ್ಪಿಸಬೇಕು. ಆಮೇಲೆ ಮತ್ತೊಮ್ಮೆ ಭದ್ರತಾ ತಪಾಸಣೆ. ಇಷ್ಟಕ್ಕೆಲ್ಲ ಮೂರು ಗಂಟೆಯಾದರೂ ಬಿಡುವಿರುವ ಟಿಕೆಟ್ ಕೊಳ್ಳಿ. ವ್ಹೀಲ್‌ಚೇರ್ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿ.

ಚೀಟಿ 5: ಮಗಳ ಮನೆ ತಲುಪಿದ ಮೇಲೆ

ವೀಸಾ ಹತ್ತು ವರ್ಷದ್ದೆಂದರೆ ಅಷ್ಟು ವರ್ಷ ಹೋಗಿಬರಬಹುದು ಎಂದಷ್ಟೇ ಅರ್ಥ. ಈ ಸಲ ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವವರು ಷಿಕಾಗೋದ ಆ ಅಧಿಕಾರಿ, ಅದು ಸಾಮಾನ್ಯವಾಗಿ ಆರು ತಿಂಗಳು. ಕೊನೆಯ ದಿನಾಂಕ ಐ-94 ಎಂಬ ದಾಖಲೆಯಲ್ಲಿರುತ್ತದೆ. ಮಗಳಿಗೆ ಹೇಳಿ ಮೊದಲ ವಾರದಲ್ಲೇ i94.cbp.dhs.gov ತಾಣದಲ್ಲಿ ಅದನ್ನು ತೆಗೆಸಿ, ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಸರಿಯಿದೆಯೇ ನೋಡಿ. ಹಿಂದಿರುಗುವ ಟಿಕೆಟ್ ಆ ದಿನಾಂಕಕ್ಕಿಂತ ಮೊದಲಿನದಾಗಿರಲಿ. ಅವಧಿ ಮೀರಿ ಉಳಿದರೆ ಕೈಯಲ್ಲಿರುವ ಹತ್ತು ವರ್ಷದ ವೀಸಾವೇ ರದ್ದಾಗುತ್ತದೆ, ಎರಡನೆಯ ಮೊಮ್ಮಗುವಿಗೆ ಹೋಗಲು ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕಾಗುತ್ತದೆ.